ಸೋಡಿಯಂನ ಹನ್ನೊಂದನೇ ಎಲೆಕ್ಟ್ರಾನ್: ನಾಲ್ಕು ಕ್ವಾಂಟಂ ಸಂಖ್ಯೆಗಳನ್ನು ಓದುವ ಬಗೆ

ಸಾರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದಾಗ ನೀಲಿ ಉರಿ ಒಂದು ಗಳಿಗೆ ಹಳದಿಯಾಗುತ್ತದಲ್ಲ, ಆ ಹಳದಿ ಉಪ್ಪಿನೊಳಗಿನ ಸೋಡಿಯಂನದು. ಸೋಡಿಯಂ ಪರಮಾಣುವಿನಲ್ಲಿ ಹನ್ನೊಂದು ಎಲೆಕ್ಟ್ರಾನ್‌ಗಳಿವೆ. ಹತ್ತಕ್ಕೂ ಈ ಬಣ್ಣಕ್ಕೂ ನೇರ ಸಂಬಂಧವಿಲ್ಲ. ಬೆಳಕು ಬರುವುದು ಹನ್ನೊಂದನೆಯದರಿಂದ. ಪಿಯುಸಿ ರಸಾಯನಶಾಸ್ತ್ರದಲ್ಲಿ ಅದರ ಕ್ವಾಂಟಂ ಸಂಖ್ಯೆಗಳನ್ನು ಬರೆಯಿರಿ ಎಂದು ಕೇಳಿದರೆ ಉತ್ತರ ಇದು:

n = 3, l = 0, m = 0, s = +1/2

ಬಾಯಿಪಾಠ ಮಾಡಿದವರು ಇಷ್ಟು ಬರೆದು ಅಂಕ ತೆಗೆದುಕೊಳ್ಳುತ್ತಾರೆ. ನಾವು ಇದನ್ನು ಓದಿ ನೋಡೋಣ. ಓದುವುದು ಎಡದಿಂದ ಬಲಕ್ಕೆ, ಆ ಕ್ರಮದಲ್ಲೇ. ಏಕೆಂದರೆ n ಎಷ್ಟೆಂದು ಗೊತ್ತಾಗದೆ l ಎಷ್ಟಿರಬಹುದೆಂದು ಹೇಳಲಾಗದು, l ಗೊತ್ತಾಗದೆ m ಹೇಳಲಾಗದು.

ಹಂತ 1: ಮೊದಲು n ನೋಡಿ

ಇದು ಪ್ರಧಾನ ಕ್ವಾಂಟಂ ಸಂಖ್ಯೆ. 1, 2, 3 ಹೀಗೆ ಪೂರ್ಣಸಂಖ್ಯೆಯೇ ಆಗಿರಬೇಕು, ಸೊನ್ನೆ ಆಗದು. ಎಲೆಕ್ಟ್ರಾನ್ ಯಾವ ಕವಚದಲ್ಲಿದೆ, ಅಂದರೆ ಸುಮಾರಾಗಿ ಎಷ್ಟು ದೂರದಲ್ಲಿದೆ, ಎಷ್ಟು ಸಡಿಲವಾಗಿದೆ ಎಂಬುದನ್ನು ಇದು ಹೇಳುತ್ತದೆ. ಒಂದೇ ಎಲೆಕ್ಟ್ರಾನ್ ಇರುವ ಹೈಡ್ರೋಜನ್‌ನಲ್ಲಿ ಲೆಕ್ಕ ಸಲೀಸು: ಎಲೆಕ್ಟ್ರಾನನ್ನು ಕಿತ್ತು ಹೊರಗೆ ಹಾಕಲು 13.6/n² ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. n = 3 ಆದರೆ 1.51.

ಸೋಡಿಯಂನ ನಮ್ಮ ಎಲೆಕ್ಟ್ರಾನಿಗೂ n = 3. ಆದರೆ ಅದನ್ನು ಕೀಳಲು ಬೇಕಾಗುವುದು 5.14 ಎಲೆಕ್ಟ್ರಾನ್ ವೋಲ್ಟ್. ಮೂರು ಪಟ್ಟಿಗೂ ಹೆಚ್ಚು! n ಒಂದನ್ನೇ ಓದಿ ನಿಲ್ಲಿಸಿದವರಿಗೆ ಈ ವ್ಯತ್ಯಾಸ ಒಗಟಾಗಿಯೇ ಉಳಿಯುತ್ತದೆ.

ಹಂತ 2: l ಮೇಲೆ ಸ್ವಲ್ಪ ಹೊತ್ತು ನಿಲ್ಲಿ

l ಎಂಬುದು 0ಯಿಂದ n−1ರವರೆಗೆ ಇರಬಹುದು. n = 3 ಆದಾಗ 0, 1, 2, ಅಷ್ಟೇ. ಇವಕ್ಕೆ ಕ್ರಮವಾಗಿ s, p, d ಎಂದು ಹೆಸರು; 3ಕ್ಕೆ f. ಹಾಗಾಗಿ 3, 0 ಎಂಬ ಜೋಡಿಯನ್ನು 3s ಎಂದೂ 3, 1 ಎಂಬುದನ್ನು 3p ಎಂದೂ ಬರೆಯುತ್ತೇವೆ. (ಗಮನಿಸಿ, ಈ s ಅಕ್ಷರಕ್ಕೂ ನಾಲ್ಕನೇ ಸಂಖ್ಯೆಯ sಗೂ ಸಂಬಂಧವಿಲ್ಲ. ಒಂದೇ ಅಕ್ಷರವನ್ನು ಎರಡು ಕಡೆ ಬಳಸಿದವರನ್ನು ನಾನು ಇನ್ನೂ ಕ್ಷಮಿಸಿಲ್ಲ.)

l ಕಕ್ಷಕದ ಆಕಾರವನ್ನು ಹೇಳುತ್ತದೆ ಎಂದು ಪುಸ್ತಕಗಳು ಅನ್ನುತ್ತವೆ: s ಚೆಂಡು, p ಡಂಬೆಲ್. ಅದು ನಿಜ, ಆದರೆ ಅರ್ಧ ಮಾತು. l ಅಳೆಯುವುದು ಕೋನೀಯ ಸಂವೇಗವನ್ನು. ನಮ್ಮ ಎಲೆಕ್ಟ್ರಾನಿಗೆ l = 0, ಅಂದರೆ ಆ ಸಂವೇಗ ಸೊನ್ನೆ. ಸೂರ್ಯನ ಸುತ್ತ ಗ್ರಹ ಸುತ್ತಿದ ಹಾಗೆ ನ್ಯೂಕ್ಲಿಯಸ್ ಸುತ್ತ ಎಲೆಕ್ಟ್ರಾನ್ ಸುತ್ತುತ್ತದೆ ಎಂಬ ಹೈಸ್ಕೂಲ್ ಚಿತ್ರ ಇಲ್ಲಿಗೆ ಮುಗಿಯಿತು. ಇದು ಸುತ್ತುತ್ತಲೇ ಇಲ್ಲ. ಸುತ್ತುವ ವೇಗವಿಲ್ಲದ್ದರಿಂದ ನ್ಯೂಕ್ಲಿಯಸ್‌ನಿಂದ ದೂರ ತಳ್ಳಿ ಹಿಡಿಯುವಂಥದ್ದೂ ಏನಿಲ್ಲ. ಒಳಗಿನ ಹತ್ತು ಎಲೆಕ್ಟ್ರಾನ್‌ಗಳ ಮೋಡವನ್ನು ತೂರಿಕೊಂಡು ನ್ಯೂಕ್ಲಿಯಸ್‌ನ ತೀರ ಹತ್ತಿರದಲ್ಲೂ ಅದು ಸಿಗುವ ಸಂಭವವಿದೆ.

ಒಗಟು ಬಿಡಿಸುವುದು ಇದೇ. ಹನ್ನೊಂದು ಧನ ಆವೇಶದ ನ್ಯೂಕ್ಲಿಯಸ್ಸನ್ನು ಒಳಗಿನ ಹತ್ತು ಎಲೆಕ್ಟ್ರಾನ್‌ಗಳು ಮರೆಮಾಡಿ ನಿಂತಿವೆ. ಪೂರ್ತಿ ಹೊರಗೇ ಇರುವ ಎಲೆಕ್ಟ್ರಾನಿಗೆ ಕಾಣುವುದು ಒಂದೇ ಧನ ಆವೇಶ, ಹೈಡ್ರೋಜನ್‌ನಲ್ಲಿ ಕಂಡಷ್ಟೇ. ಆ ಮರೆಯನ್ನು ದಾಟಿ ಒಳಗೆ ಇಣುಕುವುದಕ್ಕೆ ಹೆಚ್ಚಿನ ಸೆಳೆತ ಸಿಗುತ್ತದೆ. ಅಳತೆಗಳನ್ನೇ ನೋಡಿ: ಸೋಡಿಯಂನಲ್ಲಿ 3s ಎಲೆಕ್ಟ್ರಾನನ್ನು ಕೀಳಲು 5.14, ಅದೇ ಎಲೆಕ್ಟ್ರಾನ್ 3pಯಲ್ಲಿದ್ದರೆ 3.04, 3dಯಲ್ಲಿದ್ದರೆ 1.52. ಒಳಗೆ ಇಣುಕದ 3d ಹೆಚ್ಚುಕಡಿಮೆ ಹೈಡ್ರೋಜನ್‌ನ 1.51ಕ್ಕೇ ಬಂದು ನಿಂತಿದೆ.

ಒಲೆಯ ಬಿಸಿಗೆ ಎಲೆಕ್ಟ್ರಾನ್ 3sನಿಂದ 3pಗೆ ಏರುತ್ತದೆ, ಮತ್ತೆ ಇಳಿಯುತ್ತದೆ. ಇಳಿಯುವಾಗ 2.10 ಎಲೆಕ್ಟ್ರಾನ್ ವೋಲ್ಟನ್ನು ಬೆಳಕಾಗಿ ಬಿಡುತ್ತದೆ. 1240ನ್ನು 2.10ರಿಂದ ಭಾಗಿಸಿದರೆ ತರಂಗದೂರ ನ್ಯಾನೋಮೀಟರಿನಲ್ಲಿ ಸಿಗುತ್ತದೆ: 590. ಹಳದಿ. ಇಷ್ಟಾದರೂ n ಮೂರರಿಂದ ಕದಲಿಲ್ಲ. ಬದಲಾದದ್ದು l ಮಾತ್ರ.

ಹಂತ 3: m

ಇದು ಕಾಂತೀಯ ಕ್ವಾಂಟಂ ಸಂಖ್ಯೆ, −lನಿಂದ +lವರೆಗೆ. l = 0 ಇದ್ದರೆ m ಕೂಡ 0, ಬೇರೆ ದಾರಿಯಿಲ್ಲ. ಎಲೆಕ್ಟ್ರಾನ್ 3pಗೆ ಏರಿದಾಗ −1, 0, +1 ಎಂಬ ಮೂರು ಆಯ್ಕೆಗಳು. ಆಕಾರ ಒಂದೇ ಬಗೆಯದು, ಆಯ್ದುಕೊಂಡ ಒಂದು ದಿಕ್ಕಿಗೆ ಹೋಲಿಸಿದರೆ ವಾಲಿರುವ ರೀತಿ ಬೇರೆ. ಹೊರಗೆ ಕಾಂತಕ್ಷೇತ್ರ ಇಲ್ಲದಿದ್ದರೆ ಮೂರಕ್ಕೂ ಶಕ್ತಿಯಲ್ಲಿ ಭೇದವಿಲ್ಲ. 1896ರಲ್ಲಿ ಲೈಡನ್‌ನಲ್ಲಿ ಪೀಟರ್ ಜೀಮನ್ ಇದೇ ಸೋಡಿಯಂ ಉರಿಯನ್ನು ವಿದ್ಯುತ್ಕಾಂತದ ಧ್ರುವಗಳ ನಡುವೆ ಇಟ್ಟಾಗ ಹಳದಿ ಗೆರೆಗಳು ಅಗಲವಾದವು. ಈ ಸಂಖ್ಯೆಗೆ ಕಾಂತೀಯ ಎಂಬ ಹೆಸರು ಯಾಕೆ ಎನ್ನುವುದಕ್ಕೆ ಇಷ್ಟು ಸಾಕು.

ಇಲ್ಲಿ ಒಂದು ತಪ್ಪು ಗೈಡುಗಳಲ್ಲೂ ಕಾಣುತ್ತದೆ: pₓಗೆ +1, pᵧಗೆ −1 ಎಂದು ಹಂಚುವುದು. m = 0 ಎಂಬುದು p_z, ಅದು ಸರಿ. ಉಳಿದೆರಡು +1 ಮತ್ತು −1ರ ಮಿಶ್ರಣಗಳು, ಒಂದೊಂದಕ್ಕೆ ಒಂದೊಂದು m ಅಂಟಿಸಲು ಬರುವುದಿಲ್ಲ.

ಹಂತ 4: s

ಸ್ಪಿನ್. +1/2 ಅಥವಾ −1/2, ಎರಡೇ. ಉಳಿದ ಮೂರೂ ಸಂಖ್ಯೆಗಳು ಎಷ್ಟೇ ಇರಲಿ, ಇದಕ್ಕೆ ಅವುಗಳ ಹಂಗಿಲ್ಲ. ಬುಗುರಿ ತಿರುಗಿದಂತೆ ಎಂದು ಚಿತ್ರ ಬರೆಯುತ್ತಾರೆ. ಎಲೆಕ್ಟ್ರಾನ್ ಹಾಗೆ ತಿರುಗುವ ಗುಂಡು ಅಲ್ಲ, ಅದಕ್ಕೆ ಹುಟ್ಟಿನಿಂದಲೇ ಇರುವ ಕೋನೀಯ ಸಂವೇಗ ಅದು.

ಒಂದು ಪರಮಾಣುವಿನ ಎರಡು ಎಲೆಕ್ಟ್ರಾನ್‌ಗಳಿಗೆ ನಾಲ್ಕೂ ಸಂಖ್ಯೆ ಒಂದೇ ಇರಲಾರದು ಎಂದು 1925ರಲ್ಲಿ ಪೌಲಿ ಹೇಳಿದ. ಈಗ ಸೀಟು ಎಣಿಸಿ. n = 1ರಲ್ಲಿ l, m ಎರಡೂ 0, ಸ್ಪಿನ್ ಎರಡು ಬಗೆ, ಒಟ್ಟು 2. n = 2ರಲ್ಲಿ 2sಗೆ 2, 2pಗೆ 6, ಒಟ್ಟು 8. ಹತ್ತಕ್ಕೆ ಭರ್ತಿ. ಹನ್ನೊಂದನೆಯದು ಮೂರನೇ ಕವಚಕ್ಕೆ ಹೋಗಲೇಬೇಕು. ಅದರ ಸ್ಪಿನ್ +1/2 ಎಂದು ಬರೆಯುವುದು ಬರೀ ರೂಢಿ; −1/2 ಎಂದು ಬರೆದ ಹುಡುಗಿಗೆ ಅಂಕ ಕಳೆಯುವಂತಿಲ್ಲ.

ಕೊಟ್ಟ ಗುಂಪು ಸರಿಯೋ ತಪ್ಪೋ ನೋಡುವುದೂ ಎಡದಿಂದಲೇ. (3, 3, 0, +1/2): l ಎಂಬುದು nನಷ್ಟೇ ಆಗಿದೆ, ತಪ್ಪು. (2, 1, −2, +1/2): l = 1 ಇದ್ದಾಗ m −2ಕ್ಕೆ ಹೋಗದು, ತಪ್ಪು. (4, 0, 0, 0): ಮೂರು ಸಂಖ್ಯೆ ಸರಿ, ಸ್ಪಿನ್ ಸೊನ್ನೆಯಾಗದು. (4, 2, −2, −1/2): ಇದು ಸರಿ, 4d.

ಇನ್ನು ಪದವಿ ಕಾಲೇಜಿನ ಲ್ಯಾಬಿಗೆ ಬನ್ನಿ. ಸೋಡಿಯಂ ದೀಪ ಹಚ್ಚಿದ ಕೂಡಲೇ ಹಳದಿ ಬರುವುದಿಲ್ಲ. ಒಳಗಿನ ನಿಯಾನ್‌ನಿಂದ ಮೊದಲು ಕೆಂಪಾಗಿ ಉರಿಯುತ್ತದೆ, ಕೆಲವು ನಿಮಿಷ ಕಾದ ಮೇಲೆ ಹಳದಿಗೆ ತಿರುಗುತ್ತದೆ. ಸ್ಪೆಕ್ಟ್ರೋಮೀಟರಿನ ಸೀಳುಗಂಡಿಯನ್ನು ಕೂದಲೆಳೆಯಷ್ಟು ಕಿರಿದು ಮಾಡಿ, ಗ್ರೇಟಿಂಗ್‌ನ ಎರಡನೇ ಕ್ರಮದ ಬೆಳಕಿಗೆ ದೂರದರ್ಶಕ ತಿರುಗಿಸಿ. ಒಂದು ಗೆರೆ ಅಂದುಕೊಂಡದ್ದು ಒತ್ತೊತ್ತಾಗಿ ನಿಂತ ಎರಡು ಗೆರೆಗಳಾಗಿ ಕಾಣುತ್ತದೆ: 589.0 ಮತ್ತು 589.6 ನ್ಯಾನೋಮೀಟರ್. 3pಯಲ್ಲಿ l ಸೊನ್ನೆಯಲ್ಲ, ಹಾಗಾಗಿ ಆ ಸಂವೇಗ ಮತ್ತು ಸ್ಪಿನ್ ಒಂದಕ್ಕೊಂದು ತಗುಲಿಕೊಂಡು ಮಟ್ಟವನ್ನು ಎರಡಾಗಿ ಸೀಳುತ್ತವೆ. 3sನಲ್ಲಿ ತಗುಲಿಕೊಳ್ಳಲು l ಇಲ್ಲ, ಅದು ಒಂದೇ ಮಟ್ಟವಾಗಿ ಉಳಿದಿದೆ. ಈ ಜೋಡಿ ಗೆರೆಗಳನ್ನು ವಿವರಿಸುವಾಗ m ಮತ್ತು s ಬಿಡಿಬಿಡಿಯಾಗಿ ನಿಲ್ಲುವುದಿಲ್ಲ. l ಮತ್ತು ಸ್ಪಿನ್ ಕೂಡಿ ಆದ j ಎಂಬ ಹೊಸ ಸಂಖ್ಯೆ ಬೇಕಾಗುತ್ತದೆ, 589.0ರ ಗೆರೆಗೆ 3/2, 589.6ರದಕ್ಕೆ 1/2.