ಹನ್ನೆರಡು ಬೆಡ್, ಒಂದು ಟ್ರೇ

ಪ್ರಶ್ನೆ: ನಮ್ಮದು ತಳಿ ಹತ್ತಿರದ ಗುಮ್ಮಳಾಪುರ. ಹೊಸೂರಿನ ಒಂದು ಆಸ್ಪತ್ರೆಯಲ್ಲಿ ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ್ದೇನೆ. ನೈಟ್ ಡ್ಯೂಟಿ ಮುಗಿಯುವ ಮುಂಚೆ ಹನ್ನೆರಡು ಜನರ ರಕ್ತ ತೆಗೆಯಬೇಕು, ಶುಗರ್ ನೋಡಬೇಕು, ಇನ್ಸುಲಿನ್ ಕೊಡಬೇಕು. ಒಂದೇ ಥರದ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಿದರೆ ಬೇಗ ಆಗುತ್ತೆ ಅಂತ ಒಬ್ಬ ಸೀನಿಯರ್ ಸಿಸ್ಟರ್ ಹೇಳ್ತಾರೆ. ಹಾಗೆ ಮಾಡಿದರೆ ತಪ್ಪಾಗುತ್ತೆ, ಒಬ್ಬೊಬ್ಬರದನ್ನೇ ಪೂರ್ತಿ ಮುಗಿಸು ಅಂತ ಇನ್ನೊಬ್ಬರು ಹೇಳ್ತಾರೆ. ಯಾರ ಮಾತು ಕೇಳಲಿ ಅಕ್ಕಾ?

ಉತ್ತರ: ಮೊದಲು ರಕ್ತ ತೆಗೆಯುವ ಕೆಲಸವನ್ನು ನೋಡೋಣ. ಎಲ್ಲಿ ಗುಂಪು ಮಾಡಬಹುದು, ಎಲ್ಲಿ ಮಾಡಬಾರದು ಎಂಬುದು ಅದರಲ್ಲೇ ಚೆನ್ನಾಗಿ ಕಾಣುತ್ತದೆ.

ಸಿರಿಂಜು, ಸೂಜಿ, ಸ್ಪಿರಿಟ್ ಹತ್ತಿ, ಟೂರ್ನಿಕೆಟ್, ಸೂಜಿ ಹಾಕುವ ಡಬ್ಬ, ಬಣ್ಣಬಣ್ಣದ ಮುಚ್ಚಳದ ಟ್ಯೂಬುಗಳು, ಇವನ್ನೆಲ್ಲ ಒಂದೇ ಸಲ ಟ್ರೇಗೆ ಜೋಡಿಸಿಕೊಂಡು ಹೊರಡಿ. ಒಬ್ಬೊಬ್ಬರಿಗೂ ಸ್ಟೇಷನ್ನಿಗೆ ಹೋಗಿಬರಲು ನಾಲ್ಕು ನಿಮಿಷ ಹಿಡಿದರೆ ಹನ್ನೆರಡು ಜನಕ್ಕೆ ನಲವತ್ತೆಂಟು ನಿಮಿಷವಾಯಿತು. ಒಂದೇ ಟ್ರೇ ಆದರೆ ಅದರಲ್ಲಿ ನಲವತ್ತನಾಲ್ಕು ನಿಮಿಷ ಉಳಿಯುತ್ತದೆ. ಹತ್ತಿಗೂ ಸೂಜಿಗೂ ಯಾರ ಹೆಸರೂ ಇಲ್ಲ, ಯಾವುದನ್ನು ಯಾರಿಗೆ ಬಳಸಿದರೂ ನಡೆಯುತ್ತದೆ. ಆದ್ದರಿಂದ ಇಲ್ಲಿ ಗುಂಪು ಮಾಡಿದರೆ ಲಾಭವೇ. ನಿಮ್ಮ ಸೀನಿಯರ್ ಈ ಅರ್ಥದಲ್ಲಿ ಹೇಳಿದ್ದರೆ ಅವರ ಮಾತು ಪೂರ್ತಿ ಸರಿ.

ರಕ್ತ ಟ್ಯೂಬಿಗೆ ಬಿದ್ದ ಕ್ಷಣದಿಂದ ಲೆಕ್ಕವೇ ಬೇರೆ. ಅದು ಒಬ್ಬರ ರಕ್ತ, ಆದರೆ ಹನ್ನೆರಡು ನೇರಳೆ ಮುಚ್ಚಳದ ಟ್ಯೂಬುಗಳೂ ನೋಡಲು ಒಂದೇ. ಲೇಬಲ್ ಅಂಟಿಸುವುದನ್ನು "ಕೊನೆಗೆ ಒಟ್ಟಿಗೆ ಬರೆದರಾಯಿತು" ಎಂದು ಬಿಟ್ಟರೆ, ಯಾವುದು ಯಾರದು ಎಂಬುದು ನಿಮ್ಮ ನೆನಪಿನಲ್ಲಿ ಮಾತ್ರ ಉಳಿಯುತ್ತದೆ. ನಡುವೆ ಎಂಟನೇ ಬೆಡ್ಡಿನವರ ಡ್ರಿಪ್ ನಿಂತಿತೆಂದು ಯಾರೋ ಕೂಗುತ್ತಾರೆ. ತಿರುಗಿ ಬರುವಷ್ಟರಲ್ಲಿ ಟ್ಯೂಬುಗಳ ಸಾಲು ಹಿಂದುಮುಂದಾಗಿದ್ದರೂ ಗೊತ್ತಾಗುವುದಿಲ್ಲ. ಮೊದಲೇ ಎಲ್ಲ ಟ್ಯೂಬಿಗೂ ಹೆಸರು ಬರೆದಿಟ್ಟುಕೊಂಡು ಹೊರಡುವುದೂ ಸರಿಯಲ್ಲ. ಒಬ್ಬರ ನರ ಸಿಗದೆ ಅವರ ಟ್ಯೂಬು ಖಾಲಿ ಉಳಿಯಿತು ಎಂದುಕೊಳ್ಳಿ. ಮುಂದಿನ ಬೆಡ್ಡಿನಲ್ಲಿ ಕೈಗೆ ಸಿಗುವುದು ಅದೇ.

ಆದ್ದರಿಂದ ಹೆಸರು ಕೇಳುವುದು, ರಕ್ತ ತೆಗೆಯುವುದು, ಲೇಬಲ್ ಹಚ್ಚುವುದು, ಈ ಮೂರನ್ನೂ ಒಬ್ಬರ ಮಗ್ಗುಲಲ್ಲೇ ನಿಂತು ಮುಗಿಸಿ, ಆಮೇಲೆ ಮುಂದಿನ ಬೆಡ್ಡಿಗೆ ಹೋಗಿ. ಲೇಬಲ್ಲಿಗೆ ಅರ್ಧ ನಿಮಿಷ ಎಂದರೂ ಹನ್ನೆರಡಕ್ಕೆ ಆರು ನಿಮಿಷ. ಟ್ರೇಯಿಂದ ಉಳಿದ ಸಮಯದ ಮುಂದೆ ಇದು ಏನೂ ಅಲ್ಲ.

ನಮ್ಮ ಕಡೆ ಹೆಸರು ಕೇಳುವುದರಲ್ಲೇ ಒಂದು ತೊಡಕಿದೆ. ಒಂದೇ ವಾರ್ಡಿನಲ್ಲಿ ಇಬ್ಬರು ನಾಗರಾಜರು, ಇಬ್ಬರು ಮುನಿಯಮ್ಮಂದಿರು ಇರುವುದು ಅಪರೂಪವಲ್ಲ. ಫೈಲಿನಲ್ಲಿ ತಂದೆಯ ಹೆಸರು ಬರೀ ಒಂದು ಇನಿಷಿಯಲ್ ಆಗಿರುತ್ತದೆ. "ಮುನಿಯಮ್ಮನಾ?" ಎಂದು ಕೇಳಿದರೆ ನಿದ್ದೆಗಣ್ಣಿನಲ್ಲಿರುವ ಅಜ್ಜಿ ಯಾರೇ ಆಗಿರಲಿ "ಹೂಂ" ಅನ್ನುತ್ತಾರೆ. ಹಾಗೆ ಕೇಳದೆ ಅವರಿಂದಲೇ ಹೇಳಿಸಿ. ಕನ್ನಡದವರಿಗೆ "ನಿಮ್ಮ ಹೆಸರು ಹೇಳಿ", ತಮಿಳಿನವರಿಗೆ "ಉಂಗ ಪೇರ್ ಸೊಲ್ಲುಂಗ", ತೆಲುಗಿನವರಿಗೆ "ಮೀ ಪೇರು ಚೆಪ್ಪಂಡಿ". ಅವರು ಹೇಳಿದ ಹೆಸರನ್ನೂ ಕೈಪಟ್ಟಿಯ ಐಪಿ ನಂಬರನ್ನೂ ಎರಡನ್ನೂ ಲೇಬಲ್ಲಿಗೆ ತಾಳೆ ನೋಡಿ.

ಅದಲುಬದಲಾದರೆ ಗೊತ್ತಾಗುವುದು ಹೇಗೆ? ಒಂದು ಉದಾಹರಣೆ ನೋಡಿ. ಐದನೇ ಬೆಡ್ಡಿನ ಹೆಂಗಸಿಗೆ ಕಬ್ಬಿಣಾಂಶ ಕಡಿಮೆ. ನಿನ್ನೆ ಅವರ ಎಂಸಿವಿ, ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, 68 ಇತ್ತು. ಆರನೇ ಬೆಡ್ಡಿನವರದು 91. ಇವತ್ತಿನ ರಿಪೋರ್ಟಿನಲ್ಲಿ ಐದಕ್ಕೆ 91, ಆರಕ್ಕೆ 68 ಬಂದಿದೆ. ರಕ್ತಸ್ರಾವವಾದರೆ, ಡ್ರಿಪ್ ಹೆಚ್ಚು ಹೋದರೆ ಹಿಮೋಗ್ಲೋಬಿನ್ ಒಂದೇ ದಿನದಲ್ಲಿ ಇಳಿಯಬಹುದು. ಆದರೆ ಬೇರೆಯವರ ರಕ್ತ ಕೊಟ್ಟಿಲ್ಲದಿದ್ದರೆ ಕಣದ ಗಾತ್ರ ರಾತ್ರಿ ಬೆಳಗಾಗುವುದರಲ್ಲಿ ಹೀಗೆ ಬದಲಾಗುವುದಿಲ್ಲ. ಅದಕ್ಕೇ ಲ್ಯಾಬಿನವರು ಹಿಂದಿನ ರಿಪೋರ್ಟಿಗೆ ಹೋಲಿಸಿ ನೋಡುತ್ತಾರೆ, ಮತ್ತೆ ಸ್ಯಾಂಪಲ್ ಕಳಿಸಿ ಎಂದು ಫೋನ್ ಮಾಡುತ್ತಾರೆ. ಆ ಫೋನ್ ಬಂದಾಗ ಬೇಸರಪಡಬೇಡಿ, ಅದು ಇಬ್ಬರನ್ನು ತಪ್ಪು ಚಿಕಿತ್ಸೆಯಿಂದ ಉಳಿಸುವ ಫೋನ್. ಆದರೆ ಹೊಸದಾಗಿ ದಾಖಲಾದವರಿಗೆ ಹಿಂದಿನ ರಿಪೋರ್ಟೇ ಇರುವುದಿಲ್ಲ. ಅವರಿಗೆ ಹಾಸಿಗೆಯ ಪಕ್ಕದ ಲೇಬಲ್ ಒಂದೇ ಕಾವಲು.

ಬ್ಲಡ್ ಗ್ರೂಪಿನ ವಿಷಯದಲ್ಲಿ ಇದು ಜೀವನ್ಮರಣದ ಮಾತು. ಹಳೆಯ ದಾಖಲೆ ಇಲ್ಲದವರಿಗೆ ಬೇರೆ ಹೊತ್ತಿನಲ್ಲಿ, ಸಾಧ್ಯವಾದರೆ ಬೇರೆಯವರ ಕೈಯಲ್ಲಿ ತೆಗೆದ ಎರಡನೇ ಸ್ಯಾಂಪಲ್ ಕೇಳುವ ಪದ್ಧತಿ ಹಲವು ಕಡೆ ಇದೆ. ಮತ್ತೆ ಯಾಕೆ ಚುಚ್ಚುವುದು ಎಂಬ ಕನಿಕರದಿಂದಲೋ ಅವಸರದಿಂದಲೋ ಕೆಲವರು ಒಂದೇ ಸಲಕ್ಕೆ ಎರಡು ಟ್ಯೂಬು ತುಂಬಿ, ಎರಡನೆಯದಕ್ಕೆ ಬೇರೆ ಸಮಯ ಬರೆದು ಕಳಿಸುತ್ತಾರೆ. ಮೊದಲ ಸಲ ತಪ್ಪು ವ್ಯಕ್ತಿಯ ಮುಂದೆ ನಿಂತಿದ್ದರೆ ಎರಡೂ ಟ್ಯೂಬಿನಲ್ಲಿ ಅದೇ ತಪ್ಪು ರಕ್ತ. ಎರಡೂ ಹೊಂದಿದವೆಂದು ಲ್ಯಾಬ್ ಒಪ್ಪಿಕೊಳ್ಳುತ್ತದೆ. ಬೇರೆಬೇರೆಯಾಗಿ ಮಾಡುವುದಕ್ಕಾಗಿಯೇ ಇಟ್ಟ ಕೆಲಸವನ್ನು ಗುಂಪು ಮಾಡಿದರೆ ಆ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ.

ಇನ್ನು ಕಳಿಸುವ ವಿಚಾರ. ಒಬ್ಬರಿಗೆ ಐದು ನಿಮಿಷವೆಂದರೂ ಹನ್ನೆರಡನೆಯವರದು ಮುಗಿಯುವಾಗ ಮೊದಲನೆಯವರ ರಕ್ತಕ್ಕೆ ಒಂದು ಗಂಟೆಯಾಗಿರುತ್ತದೆ. ಹ್ಯಾಂಡೋವರ್ ಆದ ಮೇಲೆ ಎಲ್ಲವನ್ನೂ ಒಟ್ಟಿಗೆ ಕಳಿಸಿದರೆ ಎರಡು ಮೂರು ಗಂಟೆ. ಟ್ಯೂಬಿನೊಳಗೆ ರಕ್ತಕಣಗಳು ಇನ್ನೂ ಬದುಕಿದ್ದು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಫ್ಲೋರೈಡ್ ಇಲ್ಲದ ಟ್ಯೂಬಿನಲ್ಲಿ ಗಂಟೆಗೆ ಸುಮಾರು 5ರಿಂದ 7 ಶೇಕಡ ಇಳಿಯುತ್ತದೆ. 110 ಇದ್ದದ್ದು ಎರಡೂವರೆ ಗಂಟೆಯಲ್ಲಿ 95ರ ಆಸುಪಾಸಿಗೆ ಬಂದು, ಸಕ್ಕರೆ ಸರಿಯಾಗಿದೆ ಎಂದು ಸುಳ್ಳು ಹೇಳುತ್ತದೆ. ಬೂದು ಮುಚ್ಚಳದ ಟ್ಯೂಬಿನ ಫ್ಲೋರೈಡ್ ಕೂಡ ಮೊದಲ ಒಂದೆರಡು ಗಂಟೆ ಈ ಇಳಿತವನ್ನು ಪೂರ್ತಿ ತಡೆಯುವುದಿಲ್ಲ. ಹೊತ್ತು ಹೆಚ್ಚಾದಂತೆ ಕಣದೊಳಗಿನ ಪೊಟ್ಯಾಸಿಯಂ ಹೊರಗೆ ಸೋರಿ ಅದರ ಅಂಕಿಯೂ ಏರುತ್ತದೆ. ಹಾಗಾಗಿ ಆರು ಜನರದು ಮುಗಿದ ಕೂಡಲೇ ಒಂದು ಕಂತು ಕಳಿಸಿ, ಉಳಿದ ಆರರದು ಇನ್ನೊಂದು ಕಂತು. ಅಟೆಂಡರಿಗೆ ಒಂದು ನಡಿಗೆ ಹೆಚ್ಚಾಗುತ್ತದೆ, ಅಷ್ಟನ್ನು ಕೇಳಿಕೊಳ್ಳಿ.

ಕೊನೆಗೆ ನೀವು ಕೇಳಿದ ಶುಗರ್ ಮತ್ತು ಇನ್ಸುಲಿನ್. ಬೆರಳು ಚುಚ್ಚಿ ನೋಡುವುದನ್ನು ಸಾಲಾಗಿ ಮಾಡಬಹುದು, ಆಯಾ ಬೆಡ್ಡಿನ ಚಾರ್ಟಿನಲ್ಲಿ ಅಲ್ಲೇ ಬರೆದರೆ ಸಾಕು. ಇನ್ಸುಲಿನ್ ಮಾತ್ರ ಸಾಲಿಗೆ ಸೇರಿಸಬೇಡಿ. ರೆಗ್ಯುಲರ್ ಇನ್ಸುಲಿನ್ ಊಟಕ್ಕೆ ಸುಮಾರು ಅರ್ಧ ಗಂಟೆ ಮುಂಚೆ ಕೊಡುವಂಥದ್ದು. ಡ್ಯೂಟಿ ಬಿಡುವ ಮುಂಚೆ ಆರೂವರೆಗೇ ಎಲ್ಲರಿಗೂ ಹಾಕಿ ಮುಗಿಸಿದಿರಿ, ಇಡ್ಲಿ ಬಂದದ್ದು ಎಂಟೂವರೆಗೆ ಎಂದರೆ, ನಡುವಿನ ಹೊತ್ತಿನಲ್ಲಿ ಯಾರಾದರೂ ಬೆವರಿ, ನಡುಗಿ, ತಡಬಡಿಸಿ ಮಾತಾಡಲು ಶುರುಮಾಡಬಹುದು. ಆಗ ಬೆರಳಿನ ಶುಗರ್ 70ಕ್ಕಿಂತ ಕೆಳಗಿದ್ದು, ಎಚ್ಚರವಿದ್ದು ನುಂಗಬಲ್ಲವರಾದರೆ 15 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷದಲ್ಲಿ ಮತ್ತೆ ಪರೀಕ್ಷಿಸಿ, ಡಾಕ್ಟರಿಗೆ ತಿಳಿಸಬೇಕು. ಎಚ್ಚರ ತಪ್ಪುತ್ತಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ ಡಾಕ್ಟರನ್ನು ಕರೆಯಿರಿ. ತಿಂಡಿಯ ಗಾಡಿ ಯಾವಾಗ ಬರುತ್ತದೆಂದು ಅಡುಗೆಮನೆಗೆ ಒಂದು ಫೋನ್ ಮಾಡಿ ಕೇಳಿ. ನಿಮ್ಮ ಪಾಳಿ ಅಷ್ಟರೊಳಗೆ ಮುಗಿಯುವುದಾದರೆ, ಇನ್ಸುಲಿನ್ ಇನ್ನೂ ಕೊಟ್ಟಿಲ್ಲ ಎಂದು ಚಾರ್ಟಿನಲ್ಲಿ ಬರೆದು, ಬೆಳಗಿನ ಸಿಸ್ಟರಿಗೆ ಬಾಯಲ್ಲೂ ಹೇಳಿ ಹೊರಡಿ.