ಅಂಗಿಗೊಂದು ಅಳತೆಪತ್ರ

ಹಿಪ್ಪರಗಿಯ ದರ್ಜಿಯ ಎದುರಿಗೆ ನಿಂತು ಅಂಗಿ ಹೊಲಿಸುವಾಗ ನಮಗೆ ಯಾವ ಕಾಗದವೂ ಬೇಕಾಗುವುದಿಲ್ಲ. ಸಂಶಯ ಬಂದರೆ ಆತ ಕೇಳುತ್ತಾನೆ. ಬಿಗಿಯಾದರೆ ಬಿಚ್ಚಿ ಹೊಲಿಯುತ್ತಾನೆ. ಆದರೆ ಸಮೀಪದ ರಬಕವಿ-ಬನಹಟ್ಟಿಯಲ್ಲಿ ನೇಯ್ದ ಹತ್ತಿಬಟ್ಟೆಯಿಂದ 500 ಅಂಗಿಗಳನ್ನು ದೂರದ ಕಾರ್ಖಾನೆಯಲ್ಲಿ ಹೊಲಿಸಬೇಕಾಗಿದೆಯೆಂದು ಭಾವಿಸೋಣ. ಅಲ್ಲಿ ನಮ್ಮ ಪರವಾಗಿ ಮಾತನಾಡುವುದು ಅಳತೆಪತ್ರವೊಂದೇ.

ಅದರಲ್ಲಿ 'ಎದೆ 104 ಸೆಂ.ಮೀ.' ಎಂದಷ್ಟೇ ಬರೆದರೆ ಸಾಲದು. ಅದು ಮೈಯ ಅಳತೆಯೋ, ಅಂಗಿಯದೋ? ಮೈಯ ಸುತ್ತಳತೆ 88 ಸೆಂ.ಮೀ. ಇದ್ದು, ಸಡಿಲಿಕೆಗೆ 16 ಸೆಂ.ಮೀ. ಸೇರಿಸಿದರೆ ಅಂಗಿಯ ಸುತ್ತಳತೆ 104 ಆಗುತ್ತದೆ. ಆದುದರಿಂದ ಹೀಗೆ ಬರೆಯೋಣ: 'ಗುಂಡಿ ಹಾಕಿ, ಎಳೆಯದೆ ಚಪ್ಪಟೆಯಾಗಿ ಹರಡಿ, ಕಂಕುಳಿನ ಹೊಲಿಗೆಯಿಂದ 2.5 ಸೆಂ.ಮೀ. ಕೆಳಗೆ ಅಂಚಿನಿಂದ ಅಂಚಿಗೆ 52 ಸೆಂ.ಮೀ.'

ಎಲ್ಲ ಅಂಗಿಗಳೂ ಸರಿಯಾಗಿ 52 ಇರಲಾರವು. ಪಕ್ಕದ ಹೊಲಿಗೆ 1 ಮಿ.ಮೀ. ಒಳಸರಿದರೆ ಮುಂಭಾಗದಲ್ಲಿಯೂ ಬೆನ್ನಿನಲ್ಲಿಯೂ ಅಷ್ಟಷ್ಟು ಬಟ್ಟೆ ಕಳೆಯುತ್ತದೆ. ಎರಡು ಪಕ್ಕಗಳೂ ಸೇರಿ ಸುತ್ತಳತೆಯಲ್ಲಿ 4 ಮಿ.ಮೀ. ಕಡಮೆಯಾಗುತ್ತದೆ. ಆದಕಾರಣ ಕಾರ್ಖಾನೆಗೆ ಒಪ್ಪಬಹುದಾದ ವ್ಯತ್ಯಾಸವನ್ನು, ಅಂದರೆ ಟಾಲರೆನ್ಸನ್ನು, ತಿಳಿಸಬೇಕು. ಅದು ಎಷ್ಟಿರಬೇಕು? ಮುಂದಿನ ಸೈಜಿನ ಅಂಗಿಯ ಚಪ್ಪಟೆ ಅಳತೆ 54 ಸೆಂ.ಮೀ. ಎನ್ನೋಣ. ಹೆಚ್ಚುಕಡಮೆ 1.5 ಸೆಂ.ಮೀ.ಗೆ ಒಪ್ಪಿದರೆ ಚಿಕ್ಕ ಅಂಗಿ 53.5 ಆಗಬಹುದು, ದೊಡ್ಡದು 52.5ಕ್ಕೆ ಇಳಿಯಬಹುದು, ಆಗ ಚೀಟಿಯ ಮೇಲಿನ ಸೈಜಿಗೆ ಅರ್ಥವಿಲ್ಲ. ಎರಡು ಸೈಜುಗಳ ಅಂತರದ ಅರ್ಧಕ್ಕಿಂತ, ಇಲ್ಲಿ 1 ಸೆಂ.ಮೀ.ಗಿಂತ, ವ್ಯತ್ಯಾಸ ಕಡಮೆಯಿರಬೇಕು. ನಾವು 0.7 ಎಂದು ಬರೆಯೋಣ. 51.3ರಿಂದ 52.7ರವರೆಗಿನ ಅಂಗಿ ಸ್ವೀಕಾರ್ಯ.

ಇನ್ನು ಬಟ್ಟೆಯ ಕುಗ್ಗುವಿಕೆ. ಬಟ್ಟೆಯ ಮೇಲೆ ಹಾಸಿನ ದಿಕ್ಕಿನಲ್ಲಿ 50 ಸೆಂ.ಮೀ. ಗುರುತಿಟ್ಟು ಒಗೆದು ಒಣಗಿಸಿದಾಗ ಅದು 48 ಆಯಿತೆನ್ನೋಣ: ಶೇಕಡಾ 4 ಕುಗ್ಗಿದೆ. ಒಗೆದ ಮೇಲೆ ಅಂಗಿಯ ಉದ್ದ 72 ಇರಬೇಕಾದರೆ, ಒಗೆಯುವ ಮುನ್ನ 72 ÷ 0.96 = 75 ಸೆಂ.ಮೀ. ಇರಬೇಕು. ಹೊಕ್ಕಿನ ದಿಕ್ಕನ್ನೂ ಹೀಗೆಯೇ ಪರೀಕ್ಷಿಸಬೇಕು. ಬರೆದ ಅಳತೆ ಒಗೆಯುವುದಕ್ಕೆ ಮೊದಲಿನದೋ ಅನಂತರದ್ದೋ ಎಂಬುದನ್ನು ಪತ್ರ ಹೇಳದಿದ್ದರೆ ಮೊದಲ ಒಗೆತದಲ್ಲಿಯೇ ಜಗಳ ಹುಟ್ಟುತ್ತದೆ.

ಕೊನೆಯದು ಹೊಲಿಗೆ. ಸಾಮಾನ್ಯ ಯಂತ್ರದ ಲಾಕ್ ಹೊಲಿಗೆಗೆ ಐಎಸ್‌ಒ 4915 ಮಾನಕದಲ್ಲಿ 301 ಎಂಬ ಸಂಖ್ಯೆಯಿದೆ. ಅದನ್ನು ಬರೆದರೆ ಭಾಷೆ ಬೇರೆಯಾದರೂ ಗೊಂದಲವಿಲ್ಲ. ಜೊತೆಗೆ 'ಸೆಂ.ಮೀ.ಗೆ 4ರಿಂದ 5 ಹೊಲಿಗೆ' ಎಂದು ಸೇರಿಸೋಣ. ವಿರಳವಾದರೆ ಎಳೆದಾಗ ಸಂದು ಬಾಯ್ಬಿಡುತ್ತದೆ; ಬಹಳ ಒತ್ತಾದರೆ ಸೂಜಿಯ ರಂಧ್ರಗಳ ಸಾಲಿನಲ್ಲಿಯೇ ಬಟ್ಟೆ ಹರಿಯಬಹುದು. ಈ ಹೊಲಿಗೆಯಲ್ಲಿ ಮೇಲಿನ ದಾರವೂ ಬಾಬಿನ್ ದಾರವೂ ಬಟ್ಟೆಯ ದಪ್ಪದ ನಡುವೆ ಹೆಣೆದುಕೊಳ್ಳಬೇಕು. ಮೇಲ್ಮೈಯಲ್ಲಿ ಬಾಬಿನ್ ದಾರ ಚುಕ್ಕೆಚುಕ್ಕೆಯಾಗಿ ಕಂಡರೆ ಮೇಲಿನ ದಾರ ಅತಿ ಬಿಗಿಯಾಗಿದೆಯೆಂದು ತಿಳಿಯಬೇಕು.

ಪತ್ರ ಮುಗಿದ ಮೇಲೆ ಅದನ್ನು ಬರೆಯದ ಒಬ್ಬರ ಕೈಗೆ ಪತ್ರವನ್ನೂ ಒಂದು ಮಾದರಿ ಅಂಗಿಯನ್ನೂ ಕೊಟ್ಟು ಅಳೆಯಲು ಹೇಳೋಣ. ಅವರಿಗೂ ನಮಗೂ ಅದೇ ಅಂಗಿಯಲ್ಲಿ ಬೇರೆ ಬೇರೆ ಅಂಕಿ ಬಂದರೆ, ತಿದ್ದಬೇಕಾದುದು ಅಂಗಿಯನ್ನಲ್ಲ, ಪತ್ರವನ್ನು.