ದೂರವಾಣಿ ವೈದ್ಯಕೀಯ ಸಮಾಲೋಚನೆ: ಸಂಭಾಷಣೆಯನ್ನು ಸಂಕ್ಷಿಪ್ತ ದಾಖಲೆಯಾಗಿಸುವ ಕ್ರಮ

ಗ್ರಾಮದಲ್ಲಿ ರಾತ್ರಿ ವೇಳೆ ಮಗುವಿಗೆ ಭೇದಿಯಾದಾಗ ಆಶಾ ಕಾರ್ಯಕರ್ತೆಯ ದೂರವಾಣಿಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಸಂಪರ್ಕಿಸುವುದು ಈಗ ರೂಢಿಯಲ್ಲಿದೆ. ಹತ್ತು ನಿಮಿಷದ ಮಾತಿನಲ್ಲಿ ಬೇಕಾದುದು, ಬೇಡವಾದುದು ಎರಡೂ ಬೆರೆತಿರುತ್ತವೆ. ಅದೇ ಮಗುವನ್ನು ನಡುರಾತ್ರಿ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕಾಗಿ ಬಂದರೆ, ಅಲ್ಲಿನ ಕರ್ತವ್ಯನಿರತ ವೈದ್ಯರಿಗೆ ಇಡೀ ಸಂಭಾಷಣೆಯನ್ನು ಓದಲು ಸಮಯವಿರುವುದಿಲ್ಲ. ಅವರಿಗೆ ಬೇಕಾದುದು ಅರ್ಧ ಪುಟದ ದಾಖಲೆ. ಮಗುವಿಗೆ ಏನಾಗಿತ್ತು, ಏನು ಮಾಡಲು ಹೇಳಲಾಗಿತ್ತು, ಯಾವ ಚಿಹ್ನೆ ಕಂಡರೆ ಹೊರಡಬೇಕೆಂದು ತಿಳಿಸಲಾಗಿತ್ತು ಎಂಬುದು ಅದರಲ್ಲಿರಬೇಕು.

ಈ ದಾಖಲೆಯನ್ನು ಬರೆಯುವವರು ಆಶಾ ಕಾರ್ಯಕರ್ತೆ ಅಥವಾ ಸಮುದಾಯ ಆರೋಗ್ಯ ಅಧಿಕಾರಿ. ಆದರೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಕುಳಿತುಕೊಳ್ಳುವ ಗ್ರಾಮ ಪಂಚಾಯತಿ ಸದಸ್ಯರು ಒಳ್ಳೆಯ ದಾಖಲೆ ಹೇಗಿರುತ್ತದೆ ಎಂಬುದನ್ನು ತಿಳಿದಿರುವುದು ಅಗತ್ಯ. ಆದ್ದರಿಂದ ಅಭ್ಯಾಸಕ್ಕಾಗಿ ರಚಿಸಿದ ಒಂದು ಮಾದರಿ ಸಂಭಾಷಣೆಯನ್ನು ಮೊದಲು ನೀಡಿ, ಅನಂತರ ಅದರಿಂದ ದಾಖಲೆಯನ್ನು ಸಿದ್ಧಪಡಿಸುವ ಕ್ರಮವನ್ನು ವಿವರಿಸಲಾಗಿದೆ.

ಮಾದರಿ ಸಂಭಾಷಣೆ (ಸಂಜೆ 7.40)

1. ಆಶಾ: ಮೇಡಂ, ಒಂದೂವರೆ ವರ್ಷದ ಗಂಡು ಮಗು, ಭೇದಿ ಆಗ್ತಿದೆ. ತಾಯಿ, ಅಜ್ಜಿ ಇಲ್ಲೇ ಇದ್ದಾರೆ. ಫೋನಲ್ಲಿ ಸಲಹೆ ತಗೊಳ್ಳೋಕೆ ತಾಯಿ ಒಪ್ಪಿದ್ದಾರೆ.
2. ವೈದ್ಯರು: ಯಾವಾಗಿಂದ? ಎಷ್ಟು ಸಲ ಆಗಿದೆ?
3. ಅಜ್ಜಿ: ಬೆಳಿಗ್ಗೆಯಿಂದ ಕಣವ್ವ, ನಾಲ್ಕೈದು ಸಲ ಆಗಿರಬೇಕು. ಮೊನ್ನೆ ಜಾತ್ರೆಗೆ ಹೋಗಿದ್ವಿ, ಅಲ್ಲೇ ದೃಷ್ಟಿ ತಾಗೈತೆ.
4. ತಾಯಿ: ಇಲ್ಲ ಮೇಡಂ, ಏಳು ಸಲ. ಬಟ್ಟೆ ಬದಲಾಯಿಸಿದ್ದು ನಾನೇ. ನೀರಿನ ಹಾಗೆ ಹೋಗ್ತಿದೆ. ಎರಡು ಸಲ ವಾಂತೀನೂ ಆಯ್ತು.
5. ವೈದ್ಯರು: ಮಲದಲ್ಲಿ ರಕ್ತ ಇದೆಯಾ? ಮೂತ್ರ ಯಾವಾಗ ಮಾಡಿದ? ಜ್ವರ?
6. ತಾಯಿ: ರಕ್ತ ಇಲ್ಲ. ಆರು ಗಂಟೆಗೆ ಮೂತ್ರ ಮಾಡಿದ.
7. ಅಜ್ಜಿ: ಮೈ ಬೆಚ್ಚಗೈತೆ.
8. ವೈದ್ಯರು: ಕುಡೀತಾನಾ? ಇಲ್ಲಿವರೆಗೆ ಏನು ಕೊಟ್ಟಿದ್ದೀರಿ?
9. ತಾಯಿ: ಕೊಟ್ರೆ ಕುಡೀತಾನೆ. ಓಆರ್‌ಎಸ್ ಪ್ಯಾಕೆಟ್ ಪೂರ್ತಿ ಒಂದು ಲೋಟ ನೀರಿಗೆ ಹಾಕಿ ನಾಲ್ಕು ಚಮಚ ಕುಡಿಸಿದೆ. ಎದೆಹಾಲು ಬೆಳಿಗ್ಗೆಯಿಂದ ನಿಲ್ಲಿಸಿದ್ದೀವಿ.
10. ವೈದ್ಯರು: ಆಶಾ, ಹೊಟ್ಟೆಯ ಚರ್ಮ ಮೆಲ್ಲಗೆ ಚಿವುಟಿ ಬಿಟ್ಟು ನೋಡಿ. ಕಣ್ಣು ಗುಳಿ ಬಿದ್ದಿದೆಯಾ? ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿದೆ?
11. ಆಶಾ: ಚರ್ಮ ತಕ್ಷಣ ಮೊದಲಿನ ಹಾಗೆ ಆಯ್ತು. ಕಣ್ಣು ಗುಳಿ ಬಿದ್ದಿಲ್ಲ. ಎಚ್ಚರವಾಗಿದ್ದಾನೆ. ಪ್ಯಾಕೆಟ್ ಮೇಲೆ ಒಂದು ಲೀಟರ್ ಅಂತಿದೆ.
12. ವೈದ್ಯರು: ಆ ಲೋಟದ ನೀರು ಚೆಲ್ಲಿಬಿಡಿ. ಹೊಸ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೆ ಹಾಕಿ. ಪ್ರತಿ ಸಲ ಭೇದಿ ಆದಮೇಲೆ ಕಾಲು ಲೋಟದಿಂದ ಅರ್ಧ ಲೋಟ, ಚಮಚದಲ್ಲಿ ಕುಡಿಸಿ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಕೊಡಿ. ಎದೆಹಾಲು, ಊಟ ನಿಲ್ಲಿಸಬೇಡಿ.
13. ಅಜ್ಜಿ: ಅಂಗಡಿಯವನು ಭೇದಿ ನಿಲ್ಲೋ ಮಾತ್ರೆ ಕೊಟ್ಟವ್ನೆ, ಅರ್ಧ ಕೊಡಾನಾ?
14. ವೈದ್ಯರು: ಬೇಡ, ಕೊಡಲೇಬಾರದು. ಜಿಂಕ್ 20 ಮಿಲಿಗ್ರಾಂ ಮಾತ್ರೆ ದಿನಕ್ಕೊಂದು (ಧ್ವನಿ ಒಡೆದಿದೆ) ನಾಲ್ಕು ದಿನ.
15. ವೈದ್ಯರು: ಕುಡಿಯೋದು ಬಿಟ್ಟರೆ, ಕುಡಿದದ್ದೆಲ್ಲ ವಾಂತಿ ಆದರೆ, ಮಲದಲ್ಲಿ ರಕ್ತ ಬಂದರೆ, ಎಬ್ಬಿಸಿದರೂ ಏಳದೆ ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಆರು ಗಂಟೆ ಮೂತ್ರ ಆಗದಿದ್ದರೆ, ಫಿಟ್ಸ್ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಇದ್ಯಾವುದೂ ಇಲ್ಲದಿದ್ದರೆ ನಾಳೆ ಒಂಬತ್ತಕ್ಕೆ ಕೇಂದ್ರಕ್ಕೆ ಕರೆತನ್ನಿ.

ಸಾಲುಗಳನ್ನು ವಿಂಗಡಿಸುವುದು

ಮೊದಲು ಸಾಲುಗಳಿಗೆ ಸಂಖ್ಯೆ ಹಾಕಿ, ಪ್ರತಿ ಸಾಲಿನ ಪಕ್ಕದಲ್ಲಿ ‘ತೊಂದರೆ’, ‘ಸಲಹೆ’, ‘ಅಪಾಯ’ ಎಂಬ ಮೂರರಲ್ಲಿ ಒಂದು ಗುರುತನ್ನು ಮಾಡತಕ್ಕದ್ದು. ಹೀಗೆ ಮಾಡುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಮಾತನ್ನು ಹೇಳಿದವರು ಯಾರು, ಯಾವ ಹೊತ್ತಿನ ಬಗ್ಗೆ ಹೇಳಿದರು? ಮನೆಯವರು ಹೇಳಿದ್ದು ಹಾಗೂ ಆ ಹೊತ್ತಿನಲ್ಲಿ ನೋಡಿದ್ದು ‘ತೊಂದರೆ’ಗೆ ಸೇರುತ್ತದೆ. ವೈದ್ಯರು ಮಾಡಲು ಅಥವಾ ಮಾಡದಿರಲು ಹೇಳಿದ್ದು ‘ಸಲಹೆ’. ಮುಂದೆ ಕಂಡರೆ ಹೊರಡಬೇಕೆಂದು ಹೇಳಿದ್ದು ‘ಅಪಾಯ’. ರಕ್ತದ ಮಾತು 6ನೇ ಸಾಲಿನಲ್ಲಿಯೂ 15ನೇ ಸಾಲಿನಲ್ಲಿಯೂ ಬಂದಿದೆ. ಮೊದಲನೆಯದು ಈಗ ರಕ್ತವಿಲ್ಲ ಎಂಬ ಸ್ಥಿತಿ. ಎರಡನೆಯದು ಮುಂದಿನ ಎಚ್ಚರಿಕೆ. ಇವೆರಡನ್ನು ಬೆರೆಸಿದರೆ, ಮಗುವಿಗೆ ರಕ್ತಭೇದಿಯಿತ್ತೆಂದು ಆಸ್ಪತ್ರೆಯವರು ತಪ್ಪು ತಿಳಿಯುವರು.

ತೊಂದರೆಯನ್ನು ಬರೆಯುವಾಗ

ಸಂಖ್ಯೆ ಮತ್ತು ಸಮಯ ಇಲ್ಲಿ ಮುಖ್ಯ. ಅಜ್ಜಿ ನಾಲ್ಕೈದು ಸಲ ಎಂದರು, ತಾಯಿ ಏಳು ಸಲ ಎಂದರು. ಬಟ್ಟೆ ಬದಲಾಯಿಸಿದವರು ತಾಯಿಯಾದ್ದರಿಂದ ಏಳು ಎಂದೇ ಬರೆದು, ಹೇಳಿದವರು ತಾಯಿ ಎಂದು ನಮೂದಿಸಬೇಕು. ‘ಮೈ ಬೆಚ್ಚಗಿದೆ’ ಎಂಬುದನ್ನು ‘ಜ್ವರ’ ಎಂದು ಬದಲಾಯಿಸಬಾರದು, ಉಷ್ಣಮಾಪಕದಿಂದ ಅಳೆದಿಲ್ಲ. ಅದೇ ರೀತಿ ‘ನಿರ್ಜಲೀಕರಣವಿಲ್ಲ’ ಎಂದು ಬರೆಯುವಂತಿಲ್ಲ. ವೈದ್ಯರು ಆ ಮಾತನ್ನು ಹೇಳಿಲ್ಲ. ಚರ್ಮ, ಕಣ್ಣು, ಎಚ್ಚರ ಹೇಗಿದ್ದವು ಎಂಬುದನ್ನಷ್ಟೇ ಸಮಯದೊಂದಿಗೆ ಬರೆದರೆ, ಆರು ಗಂಟೆಗಳ ನಂತರ ನೋಡುವ ವೈದ್ಯರು ಸ್ಥಿತಿ ಎಷ್ಟು ಬದಲಾಗಿದೆ ಎಂದು ಹೋಲಿಸಿ ತಿಳಿಯಬಲ್ಲರು.

ಮನೆಯಲ್ಲಿ ಅದುವರೆಗೆ ಮಾಡಿದ್ದೂ ಇದೇ ಭಾಗಕ್ಕೆ ಸೇರುತ್ತದೆ. ಒಂದು ಲೀಟರಿನ ಪುಡಿಯನ್ನು ಒಂದೇ ಲೋಟಕ್ಕೆ ಬೆರೆಸಿದ್ದನ್ನು ಸಂಕೋಚಪಟ್ಟು ಬಿಡಬಾರದು. ಅಷ್ಟು ಗಟ್ಟಿಯಾದ ದ್ರಾವಣದಿಂದ ಮಗುವಿನ ರಕ್ತದಲ್ಲಿ ಉಪ್ಪಿನ ಅಂಶ ಏರುವ ಅಪಾಯವಿರುವುದರಿಂದ, ಎಷ್ಟು ಚಮಚ ಕುಡಿಸಲಾಯಿತು ಎಂಬುದು ವೈದ್ಯರಿಗೆ ತಿಳಿಯಲೇಬೇಕು. ದೃಷ್ಟಿಯ ಮಾತನ್ನು ಬಿಡಬಹುದು. ಜಾತ್ರೆಗೆ ಹೋದದ್ದನ್ನು ಬಿಡಬಾರದು.

ಸಲಹೆಯನ್ನು ಬರೆಯುವಾಗ

ಇಲ್ಲಿ ವೈದ್ಯರ ಮಾತಿಗೆ ಮಾತ್ರ ಸ್ಥಾನ. 13ನೇ ಸಾಲಿನ ಅರ್ಧ ಮಾತ್ರೆ ಅಜ್ಜಿಯ ಪ್ರಶ್ನೆಯೇ ಹೊರತು ಸಲಹೆಯಲ್ಲ. ಅವಸರದಲ್ಲಿ ಬರೆಯುವವರು ಮಾತ್ರೆಯ ಮಾತನ್ನು ಕಂಡು ಸಲಹೆಗೆ ಸೇರಿಸಿಬಿಡುವುದು ಅತ್ಯಂತ ಅಪಾಯಕಾರಿ ತಪ್ಪು. ‘ಕೊಡಬಾರದು’ ಎಂಬುದನ್ನೂ ಸ್ಪಷ್ಟವಾಗಿ ಬರೆಯಬೇಕು. ‘ಓಆರ್‌ಎಸ್ ಕೊಡಲು ತಿಳಿಸಲಾಯಿತು’ ಎಂದಷ್ಟೇ ಬರೆದರೆ ಮೊದಲಿನ ತಪ್ಪೇ ಮರುಕಳಿಸುವುದು. ಆದ್ದರಿಂದ ನೀರಿನ ಅಳತೆ, ಕುಡಿಸುವ ಪ್ರಮಾಣ, ವಾಂತಿಯಾದಾಗ ಮಾಡಬೇಕಾದುದು ಎಲ್ಲವೂ ಇರಬೇಕು.

14ನೇ ಸಾಲಿನಲ್ಲಿ ಧ್ವನಿ ಒಡೆದಿದೆ. ಕೇಳಿಸಿದ್ದು ‘ನಾಲ್ಕು’, ವೈದ್ಯರು ಹೇಳಿದ್ದು ‘ಹದಿನಾಲ್ಕು’ ಇರಬಹುದು. ಇಂತಹ ಕಡೆ ಊಹಿಸಿ ತುಂಬಬಾರದು, ಕೇಳಿಸಿದ್ದನ್ನು ಹಾಗೆಯೇ ಬರೆಯಲೂಬಾರದು. ಮತ್ತೆ ಕರೆ ಮಾಡಿ ಕೇಳಿ, ದೃಢಪಡಿಸಿಕೊಂಡ ಸಮಯವನ್ನು ನಮೂದಿಸಬೇಕು. ಈ ಪ್ರಸಂಗದಲ್ಲಿ ಆಶಾ ಕಾರ್ಯಕರ್ತೆ 7.55ಕ್ಕೆ ವಿಚಾರಿಸಿದಾಗ, ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕೆಂದು ವೈದ್ಯರು ತಿಳಿಸಿದರು. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳ ಭೇದಿಗೆ ನಿಗದಿಯಾದ ಕ್ರಮವೂ ಇದೇ.

ಅಪಾಯದ ಚಿಹ್ನೆಗಳನ್ನು ಬರೆಯುವಾಗ

‘ಹೆಚ್ಚಾದರೆ ಆಸ್ಪತ್ರೆಗೆ ಹೋಗುವುದು’ ಎಂದು ಒಂದೇ ಸಾಲಿಗೆ ಇಳಿಸಬಾರದು. ಎಷ್ಟಾದರೆ ಹೆಚ್ಚು ಎಂಬುದು ಅದರಿಂದ ತಾಯಿಗೆ ತಿಳಿಯದು. ಪ್ರತಿಯೊಂದು ಚಿಹ್ನೆಯೂ ಮನೆಯವರು ಕಣ್ಣಿನಿಂದ ಕಂಡು ಹೇಳಬಹುದಾದ ಮಾತಿನಲ್ಲಿರಬೇಕು. ಅದರ ಜೊತೆಗೆ ಮಾಡಬೇಕಾದ ಕ್ರಮ, ಹೋಗಬೇಕಾದ ಸ್ಥಳ ಇರಬೇಕು. ಇಂತಹ ಚಿಹ್ನೆ ಕಂಡಾಗ ಮತ್ತೊಮ್ಮೆ ದೂರವಾಣಿ ಸಲಹೆಗಾಗಿ ಕಾಯುವಂತಿಲ್ಲ.

ಸಿದ್ಧವಾದ ದಾಖಲೆ

*ಕರೆ:* ಸಂಜೆ 7.40, ಮರುಕರೆ 7.55. ಕರೆ ಮಾಡಿದವರು ಆಶಾ ಕಾರ್ಯಕರ್ತೆ. ತಾಯಿಯ ಒಪ್ಪಿಗೆ ಇದೆ.

*ತೊಂದರೆ:* ಗಂಡು ಮಗು, ಒಂದೂವರೆ ವರ್ಷ. ಬೆಳಿಗ್ಗೆಯಿಂದ ನೀರಿನಂತಹ ಭೇದಿ 7 ಸಲ, ವಾಂತಿ 2 ಸಲ (ತಾಯಿಯ ಹೇಳಿಕೆ). ಮಲದಲ್ಲಿ ರಕ್ತವಿಲ್ಲ. ಕೊನೆಯ ಮೂತ್ರ 6.00ಕ್ಕೆ. ಮೈ ಬೆಚ್ಚಗಿದೆ, ಅಳೆದಿಲ್ಲ. ಕೊಟ್ಟರೆ ಕುಡಿಯುತ್ತಾನೆ, ಎಚ್ಚರವಾಗಿದ್ದಾನೆ. ಚರ್ಮ ತಕ್ಷಣ ಮೊದಲಿನಂತಾಗುತ್ತದೆ, ಕಣ್ಣು ಗುಳಿ ಬಿದ್ದಿಲ್ಲ. 1 ಲೀಟರಿನ ಓಆರ್‌ಎಸ್ ಪುಡಿಯನ್ನು 1 ಲೋಟಕ್ಕೆ ಬೆರೆಸಿ 4 ಚಮಚ ಕೊಡಲಾಗಿದೆ. ಬೆಳಿಗ್ಗೆಯಿಂದ ಎದೆಹಾಲು ನಿಲ್ಲಿಸಲಾಗಿದೆ. ಮೊನ್ನೆ ಜಾತ್ರೆಗೆ ಹೋಗಿದ್ದರು.

*ಸಲಹೆ:* ಲೋಟದ ದ್ರಾವಣ ಚೆಲ್ಲುವುದು. ಹೊಸ ಪ್ಯಾಕೆಟ್ ಪೂರ್ತಿ 1 ಲೀಟರ್ ಶುದ್ಧ ನೀರಿಗೆ. ಪ್ರತಿ ಭೇದಿಯ ನಂತರ ಕಾಲರಿಂದ ಅರ್ಧ ಲೋಟ, ಚಮಚದಲ್ಲಿ. ವಾಂತಿಯಾದರೆ 10 ನಿಮಿಷ ಬಿಟ್ಟು ನಿಧಾನವಾಗಿ. ಎದೆಹಾಲು, ಊಟ ಮುಂದುವರಿಸುವುದು. ಜಿಂಕ್ 20 ಮಿ.ಗ್ರಾಂ ದಿನಕ್ಕೆ 1, 14 ದಿನ (7.55ಕ್ಕೆ ದೃಢಪಟ್ಟಿದೆ). ಅಂಗಡಿಯ ಭೇದಿ ನಿಲ್ಲಿಸುವ ಮಾತ್ರೆ ಕೊಡಬಾರದು. ನಾಳೆ 9.00ಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತರುವುದು.

*ಅಪಾಯದ ಚಿಹ್ನೆಗಳು:* ಕುಡಿಯದಿರುವುದು; ಕುಡಿದದ್ದೆಲ್ಲ ವಾಂತಿ; ಮಲದಲ್ಲಿ ರಕ್ತ; ಎಬ್ಬಿಸಿದರೂ ಏಳದ ಮಂಕು; ಕಣ್ಣು ಗುಳಿ ಬೀಳುವುದು; 6 ಗಂಟೆ ಮೂತ್ರವಿಲ್ಲದಿರುವುದು; ಫಿಟ್ಸ್. ಯಾವುದೇ ಒಂದು ಕಂಡರೂ ಆ ಕ್ಷಣವೇ 108, ತಾಲ್ಲೂಕು ಆಸ್ಪತ್ರೆ.

ದಾಖಲೆಯನ್ನು ತಾಯಿಗೆ ಗಟ್ಟಿಯಾಗಿ ಓದಿ ಹೇಳಿ, ಅಪಾಯದ ಚಿಹ್ನೆಗಳನ್ನು ಅವರ ಬಾಯಿಂದಲೇ ತಿರುಗಿ ಹೇಳಿಸಬೇಕು. ಅವರು ಬಿಟ್ಟ ಚಿಹ್ನೆಯನ್ನು ಮತ್ತೊಮ್ಮೆ ವಿವರಿಸಬೇಕು. ಒಂದು ಪ್ರತಿ ಮನೆಯಲ್ಲಿರತಕ್ಕದ್ದು. ಮಗುವಿನೊಂದಿಗೆ ಆಸ್ಪತ್ರೆಗೆ ಹೋಗುವುದು ಅದೇ.

ಸದಸ್ಯರು ಗಮನಿಸಬೇಕಾದುದು

2020ರ ದೂರವೈದ್ಯಕೀಯ ಮಾರ್ಗಸೂಚಿಯಂತೆ, ಆರೋಗ್ಯ ಕಾರ್ಯಕರ್ತರು ಆರಂಭಿಸಿದ ಸಮಾಲೋಚನೆಗೆ ರೋಗಿಯ ಕಡೆಯವರ ಸ್ಪಷ್ಟ ಒಪ್ಪಿಗೆ ಬೇಕು, ಮಾಹಿತಿ ಗೋಪ್ಯವಾಗಿರಬೇಕು. ಆದುದರಿಂದ ಸದಸ್ಯರು ಈ ದಾಖಲೆಯ ಛಾಯಾಚಿತ್ರವನ್ನು ಪಡೆಯುವುದಾಗಲಿ, ವಾಟ್ಸಾಪ್ ಗುಂಪಿಗೆ ಹಾಕುವುದಾಗಲಿ ಕೂಡದು. ಸಮಿತಿಗೆ ಬೇಕಾದುದು ಹೆಸರಿಲ್ಲದ ಮೂರು ಅಂಶಗಳು ಮಾತ್ರ: ದಿನಾಂಕ, ಬೀದಿ, ಭೇದಿ ಪ್ರಕರಣ. ಒಂದೇ ಬೀದಿಯಿಂದ ಎರಡು ಮೂರು ದಿನಗಳಲ್ಲಿ ಹಲವು ಪ್ರಕರಣಗಳು ಬಂದರೆ, ಆ ಬೀದಿಯ ಕೊಳವೆ ಚರಂಡಿಯ ಬಳಿ ಸೋರುತ್ತಿದೆಯೇ ಎಂದು ನೋಡಿಸಬೇಕು. ಕೊನೆಯ ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇದೆಯೇ ಎಂದು ನೀರುಗಂಟಿಯಿಂದ ಅಂದೇ ಪರೀಕ್ಷಿಸಬೇಕು.